ರಿಯಾಯಿತಿ ಸಿಕ್ಕಿದ್ದು ಯಾರಿಗೆ?

ಕಳೆದ ಬೇಸಿಗೆಯಲ್ಲಿ ಹೊಸನಗರ ತಾಲ್ಲೂಕಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ಆಕೆಯ ಮಗ ತನ್ನ ವ್ಯಾಪಾರದ ಲೆಕ್ಕಪತ್ರವನ್ನು ನನ್ನ ಮುಂದಿಟ್ಟ. ಬೆಂಗಳೂರಿನ ನೌಕರಿ ಬಿಟ್ಟು ಊರಿಗೆ ಮರಳಿದ ಆತ ಸಾಗರದ ಸುತ್ತಲಿನ ಹಳ್ಳಿಗಳ ಅಪ್ಪೆಮಿಡಿ ಉಪ್ಪಿನಕಾಯಿ, ತೀರ್ಥಹಳ್ಳಿ ಕಡೆಯ ಹಲಸಿನ ಹಪ್ಪಳ, ಕಾಳುಮೆಣಸು ಮತ್ತು ಜೇನುತುಪ್ಪವನ್ನು ಆನ್‌ಲೈನ್ ಮಳಿಗೆಯ ಮೂಲಕ ಮಾರುತ್ತಾನೆ. ಆರ್ಡರುಗಳು ಹಿಂದೆಂದಿಗಿಂತ ಹೆಚ್ಚಿದ್ದವು. ಆದರೆ ಕೈಯಲ್ಲಿ ಹಣ ಉಳಿದಿರಲಿಲ್ಲ. ‘ಮಾವ, ಉಪ್ಪಿನಕಾಯಿ ಹಾಕಿಕೊಡುವ ಹೆಂಗಸರಿಗೆ ಈ ವರ್ಷ ದರ ಇಳಿಸದೆ ಬೇರೆ ದಾರಿ ಕಾಣುತ್ತಿಲ್ಲ’ ಎಂದ. ಎರಡು ಸಂಜೆ ಆ ಲೆಕ್ಕದ ಮುಂದೆ ಕುಳಿತ ಮೇಲೆ ನನಗೆ ಕಂಡದ್ದು ಬೇರೆ. ಹಣ ಸೋರಿದ್ದು ಹೆಂಗಸರ ಕೂಲಿಯಿಂದಲ್ಲ, ಆತ ಉದಾರವಾಗಿ ಹಂಚಿದ್ದ ರಿಯಾಯಿತಿ ಕೂಪನ್‌ಗಳಿಂದ.

ರಿಯಾಯಿತಿಯನ್ನು ನಾವು ಬೆಲೆಯ ಮೇಲೆ ಲೆಕ್ಕ ಹಾಕುತ್ತೇವೆ. ಆದರೆ ಅದು ಕತ್ತರಿಸುವುದು ಉಳಿಕೆಯನ್ನು. ಮಾತು ಸ್ಪಷ್ಟವಾಗಲೆಂದು ದುಂಡು ಅಂಕಿಗಳ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಗ್ರಾಹಕರೊಬ್ಬರು ರೂ 1,000ದ ಸಾಮಾನು ತರಿಸಿಕೊಳ್ಳುತ್ತಾರೆ. ಅದರಲ್ಲಿ ತಯಾರಿಸಿದವರಿಗೆ ಸಲ್ಲುವುದು ರೂ 580, ಬಾಟಲಿ ಮತ್ತು ಪ್ಯಾಕಿಂಗ್‌ಗೆ ರೂ 50, ಪಾರ್ಸೆಲ್‌ಗೆ ರೂ 100, ಹಣ ಪಾವತಿಯ ಶುಲ್ಕ ಶೇ 2ರಂತೆ ರೂ 20. ತೆರಿಗೆಯ ಮಾತನ್ನು ಬದಿಗಿಟ್ಟರೆ ಮಳಿಗೆಗೆ ಉಳಿಯುವುದು ರೂ 250. ಈಗ ಶೇ 10ರ ಕೂಪನ್ ಬಂತೆನ್ನಿ. ಗ್ರಾಹಕರು ಕೊಡುವುದು ರೂ 900. ಪಾವತಿ ಶುಲ್ಕ ಎರಡು ರೂಪಾಯಿ ಇಳಿಯುತ್ತದೆ. ಉಳಿದ ಯಾವ ಖರ್ಚೂ ಕದಲುವುದಿಲ್ಲ. ಉಳಿಕೆ ರೂ 152ಕ್ಕೆ ಕುಸಿಯುತ್ತದೆ. ಬೆಲೆ ಹತ್ತರಲ್ಲಿ ಒಂದು ಪಾಲು ಇಳಿದರೆ ಉಳಿಕೆ ಹತ್ತರಲ್ಲಿ ಸುಮಾರು ನಾಲ್ಕು ಪಾಲು ಇಳಿಯಿತು. ಮೊದಲಿನಷ್ಟೇ ಹಣ ಕೈಗೆ ಬರಬೇಕಾದರೆ ನೂರು ಆರ್ಡರುಗಳ ಜಾಗದಲ್ಲಿ ಸುಮಾರು 165 ಆರ್ಡರುಗಳು ಬರಬೇಕು.

ಒಂದರ ಮೇಲೊಂದು ಕೂಪನ್ ಹೇರಿದಾಗ ಆಗುವ ಅನಾಹುತ ಇನ್ನೂ ಹೆಚ್ಚಿನದು. ದೀಪಾವಳಿಗೆ ಶೇ 20ರ ಕೊಡುಗೆ ಇತ್ತು. ಹೊಸ ಗ್ರಾಹಕರಿಗೆ ರೂ 100 ಕಡಿತದ ಇನ್ನೊಂದು ಸಂಕೇತ ಮೊದಲಿನಿಂದಲೂ ಚಾಲ್ತಿಯಲ್ಲಿತ್ತು. ಇವೆರಡೂ ಒಂದೇ ಬಿಲ್ಲಿನಲ್ಲಿ ಸೇರಬಹುದೆಂಬುದು ನನ್ನ ಸೋದರಳಿಯನಿಗೆ ಹೊಳೆದಿರಲಿಲ್ಲ. ನಮ್ಮ ಉದಾಹರಣೆಯಲ್ಲಿ ಮೊದಲು ಶೇ 20 ಕಳೆದು ಆಮೇಲೆ ನೂರು ರೂಪಾಯಿ ಕಳೆದರೆ ಗ್ರಾಹಕರು ಕೊಡುವುದು ರೂ 700. ಮೊದಲು ನೂರು ಕಳೆದು ಉಳಿದದ್ದಕ್ಕೆ ಶೇ 20 ಹಾಕಿದರೆ ರೂ 720. ಯಾವ ಕಡಿತ ಮೊದಲು ಎಂಬುದೇ ಪ್ರತಿ ಆರ್ಡರಿಗೆ ಇಪ್ಪತ್ತು ರೂಪಾಯಿಯ ಪ್ರಶ್ನೆ. ಆದರೆ ಹೇಗೆ ಲೆಕ್ಕ ಹಾಕಿದರೂ ಫಲ ಒಂದೇ: ಮೊದಲನೆಯ ಕ್ರಮದಲ್ಲಿ ರೂ 44, ಎರಡನೆಯದರಲ್ಲಿ ರೂ 24ಕ್ಕೂ ಹೆಚ್ಚು ಕೈಯಿಂದ ಹೋಗುತ್ತದೆ. ಹಬ್ಬದ ವಾರದಲ್ಲಿ ಆರ್ಡರು ಹೆಚ್ಚಿದಷ್ಟೂ ನಷ್ಟ ಹೆಚ್ಚುತ್ತ ಹೋಗಿತ್ತು. ಇದನ್ನು ತಡೆಯುವುದು ಕಷ್ಟವೇನಲ್ಲ. ಆತ ಬಳಸುವ ವೂಕಾಮರ್ಸ್ ತಂತ್ರಾಂಶದಲ್ಲಿ ಪ್ರತಿ ಕೂಪನ್‌ಗೂ `Individual use only` ಎಂಬ ಒಂದು ಗುರುತಿದೆ. ಅದನ್ನು ಹಾಕಿದರೆ ಆ ಕೂಪನ್ ಬೇರೊಂದರ ಜತೆ ಸೇರುವುದಿಲ್ಲ. ಗುರುತು ಹಾಕುವ ಜಾಗ ಅವನಿಗೆ ಗೊತ್ತಿತ್ತು; ಹಾಕದಿದ್ದರೆ ಎಷ್ಟು ಹೋಗುತ್ತದೆ ಎಂಬುದು ಗೊತ್ತಿರಲಿಲ್ಲ.

‘ನಷ್ಟವಾದರೂ ಗ್ರಾಹಕರು ಮತ್ತೆ ಮತ್ತೆ ಬರುತ್ತಾರಲ್ಲ’ ಎಂಬುದು ಅವನ ಮುಂದಿನ ವಾದ. ಕೂಪನ್ ಬಳಸಿದವರು ಬಳಸದವರಿಗಿಂತ ಹೆಚ್ಚು ಸಲ ಕೊಂಡಿದ್ದಾರೆಂಬುದನ್ನು ಲೆಕ್ಕದಲ್ಲಿಯೂ ತೋರಿಸಿದ. ಅರ್ಥಶಾಸ್ತ್ರ ಓದಿದವರು ಮೊದಲು ಅನುಮಾನಿಸಬೇಕಾದುದು ಇಂತಹ ಹೋಲಿಕೆಯನ್ನೇ. ಮಳಿಗೆಯ ಸಂದೇಶಗಳನ್ನು ತಪ್ಪದೆ ಓದುವವರು ಯಾರು? ಅಲ್ಲಿನ ಉಪ್ಪಿನಕಾಯಿಯ ರುಚಿ ಹತ್ತಿದ ಹಳಬರು. ಕೂಪನ್ ಮೊದಲು ತಲುಪುವುದೂ ಅವರಿಗೇ. ಅವರು ಕೂಪನ್ ಇದ್ದುದರಿಂದ ಮತ್ತೆ ಬಂದರೋ, ಮತ್ತೆ ಬರುವವರಾದುದರಿಂದ ಕೂಪನ್ ಬಳಸಿದರೋ ಎಂಬುದನ್ನು ಈ ಹೋಲಿಕೆ ಹೇಳಲಾರದು. ನಮಗೆ ಬೇಕಾದ ಉತ್ತರ ಒಂದೇ: ಕೂಪನ್ ಕೊಡದೇ ಇದ್ದಿದ್ದರೆ ಇದೇ ಜನ ಏನು ಮಾಡುತ್ತಿದ್ದರು?

ಅದನ್ನು ತಿಳಿಯಲು ಚೀಟಿ ಎತ್ತುವುದಕ್ಕಿಂತ ಉತ್ತಮ ಉಪಾಯವಿಲ್ಲ. ಒಂದೇ ಒಂದು ಸಲ ಕೊಂಡಿರುವ 400 ಗ್ರಾಹಕರಿದ್ದಾರೆನ್ನಿ. ಚೀಟಿ ಎತ್ತಿದಂತೆ, ಯಾವ ಆಯ್ಕೆಯೂ ಇಲ್ಲದೆ, ಅವರನ್ನು ಇನ್ನೂರರ ಎರಡು ಗುಂಪುಗಳಾಗಿ ಒಡೆಯಬೇಕು. ಒಂದು ಗುಂಪಿಗೆ ‘ಹೊಸ ಉಪ್ಪಿನಕಾಯಿ ಬಂದಿದೆ’ ಎಂಬ ಸಂದೇಶದೊಡನೆ ಶೇ 10ರ ಕೂಪನ್; ಇನ್ನೊಂದಕ್ಕೆ ಅದೇ ಸಂದೇಶ, ಕೂಪನ್ ಇಲ್ಲದೆ. ಎರಡನೆಯ ಗುಂಪಿಗೆ ಏನನ್ನೂ ಕಳಿಸದಿದ್ದರೆ ನೆನಪಿಸಿದ್ದರಿಂದ ಬಂದ ವ್ಯಾಪಾರವೆಲ್ಲ ಕೂಪನ್ನಿನ ಖಾತೆಗೆ ಜಮೆಯಾಗುತ್ತದೆ. ಕೂಪನ್ನಿನ ಸಂಕೇತ ಪ್ರತಿಯೊಬ್ಬರಿಗೂ ಬೇರೆಯಾಗಿರಬೇಕು ಎಂಬುದು ಇನ್ನೊಂದು ಎಚ್ಚರ. ಎಲ್ಲರಿಗೂ ಒಂದೇ ಸಂಕೇತ ಕೊಟ್ಟರೆ ಅದು ಮಲೆನಾಡಿನ ಯಾವುದೋ ಕುಟುಂಬದ ವಾಟ್ಸ್‌ಆ್ಯಪ್ ಗುಂಪು ಸೇರಿ ಬೆಂಗಳೂರಿನ ಬಂಧುಬಳಗಕ್ಕೆಲ್ಲ ಹಬ್ಬುತ್ತದೆ. ಇನ್ನೂರು ಜನರಿಗೆ ಕೊಟ್ಟ ಸಂಕೇತ ಮುನ್ನೂರು ಬಿಲ್ಲುಗಳಲ್ಲಿ ಕಾಣಿಸಿಕೊಂಡರೆ ಪ್ರಯೋಗ ಕೆಟ್ಟಿದೆಯೆಂದೇ ಅರ್ಥ.

ಮುಂದಿನ ಪ್ರಶ್ನೆ, ಎಷ್ಟು ದಿನ ಕಾಯಬೇಕು ಎಂಬುದು. ನಮ್ಮ ಕಲ್ಪಿತ ಉದಾಹರಣೆಯನ್ನೇ ಮುಂದುವರಿಸೋಣ. ಮೊದಲ ತಿಂಗಳಲ್ಲಿ ಕೂಪನ್ ಗುಂಪಿನ 40 ಜನ ಕೊಂಡರು, ಇನ್ನೊಂದು ಗುಂಪಿನ 12 ಜನ. ಒಬ್ಬರಿಂದ ರೂ 152ರಂತೆ ಮೊದಲನೆಯದರಿಂದ ಬಂದದ್ದು ರೂ 6,080. ಒಬ್ಬರಿಂದ ರೂ 250ರಂತೆ ಎರಡನೆಯದರಿಂದ ರೂ 3,000. ಇಲ್ಲಿಗೆ ಲೆಕ್ಕ ಮುಚ್ಚಿದರೆ ಕೂಪನ್ ಗೆದ್ದಿತೆಂದು ಸಂಭ್ರಮಿಸಬಹುದು. ಆದರೆ ಉಪ್ಪಿನಕಾಯಿಯ ಬಾಟಲಿ ಒಂದು ಮನೆಯಲ್ಲಿ ಮೂರು ನಾಲ್ಕು ತಿಂಗಳು ಬಾಳುತ್ತದೆ. ಎರಡನೆಯ ಗುಂಪಿನ ಅನೇಕರು ಇದ್ದುದು ಮುಗಿದ ಮೇಲೆ ತಾವಾಗಿಯೇ ಬರುತ್ತಾರೆ. ಆರು ತಿಂಗಳ ಕೊನೆಯಲ್ಲಿ ನೋಡಿದರೆ ಕೊಂಡವರು ಮೊದಲ ಗುಂಪಿನಲ್ಲಿ 60, ಎರಡನೆಯದರಲ್ಲಿ 46. ಈಗ ಬಂದ ಉಳಿಕೆ ಕ್ರಮವಾಗಿ ರೂ 9,120 ಮತ್ತು ರೂ 11,500. ಕೂಪನ್ ಸೋತಿದೆ.

ಸೋತದ್ದು ಹೇಗೆಂಬುದನ್ನು ಬಿಡಿಸಿ ನೋಡಬೇಕು. ಕೂಪನ್ ನಿಜವಾಗಿ ತಂದ ಹೊಸ ಖರೀದಿ ಅರವತ್ತಲ್ಲ, ಹದಿನಾಲ್ಕು. ಅವುಗಳಿಂದ ಬಂದದ್ದು ರೂ 2,128. ಹೇಗೂ ಬರುತ್ತಿದ್ದ 46 ಜನರಿಗೆ ತಲಾ ರೂ 98ರಂತೆ ಬಿಟ್ಟುಕೊಟ್ಟದ್ದು ರೂ 4,508. ವ್ಯತ್ಯಾಸವೇ ನಷ್ಟ. ಈ ಹದಿನಾಲ್ವರು ಮುಂದೆ ಪೂರ್ಣ ಬೆಲೆಗೆ ಮತ್ತೆ ಕೊಂಡರೆ ಆ ನಷ್ಟ ತುಂಬೀತು ಎಂಬುದು ನಿಜ. ಹಾಗಾಗಿ ಎರಡನೆಯ ಖರೀದಿಯನ್ನೂ ಎರಡು ಗುಂಪುಗಳಲ್ಲಿ ಎಣಿಸಬೇಕು. ಮೊದಲ ಗುಂಪಿನಲ್ಲಿ ಅಂಥವು 20, ಎರಡನೆಯದರಲ್ಲಿ 16 ಆಗಿದ್ದರೆ ಕೂಪನ್ನಿಗೆ ಸೇರುವುದು ನಾಲ್ಕು ಖರೀದಿಯ ರೂ 1,000 ಮಾತ್ರ; ರೂ 1,380ರ ಕೊರತೆ ಉಳಿದೇ ಉಳಿಯುತ್ತದೆ.

ಸಣ್ಣ ಮಳಿಗೆಯ ಇಂತಹ ಲೆಕ್ಕಕ್ಕೆ ಒಂದು ಮಿತಿಯಿದೆ. ಇನ್ನೂರರಲ್ಲಿ 60 ಮತ್ತು 46ರ ನಡುವಿನ ಅಂತರ ಬರಿಯ ಆಕಸ್ಮಿಕದಿಂದಲೂ ಬಂದಿರಬಹುದು. ಇಷ್ಟು ಅಂತರವನ್ನು ನೆಚ್ಚಿಕೊಳ್ಳಲು ಪ್ರತಿ ಗುಂಪಿನಲ್ಲಿ ಆರುನೂರರಷ್ಟಾದರೂ ಜನರಿರಬೇಕು. ಅಷ್ಟು ಗ್ರಾಹಕರಿಲ್ಲದವರು ಇದೇ ಪ್ರಯೋಗವನ್ನು ಎರಡು ಮೂರು ಋತುಗಳಲ್ಲಿ ಮಾಡಿ ಫಲವನ್ನು ಕೂಡಿಸಬೇಕು. ಆದರೆ ಒಂದು ತೀರ್ಮಾನಕ್ಕೆ ಕಾಯಬೇಕಿಲ್ಲ. 46 ಜನ ತಾವಾಗಿ ಬರುವ ಕಡೆ ಮೊದಲ ಖರೀದಿಯಲ್ಲೇ ಕೂಪನ್ ತನ್ನ ಖರ್ಚು ತಾನು ಹೊರಬೇಕಾದರೆ 76 ಜನರನ್ನು ತರಬೇಕು. ಅಂತಹ ನೆಗೆತ ಸಾಧ್ಯವೇ ಎಂಬುದನ್ನು ಕೂಪನ್ ಹೊರಡಿಸುವ ಮೊದಲೇ ಕೇಳಿಕೊಳ್ಳಬಹುದು.

ಸರ್ಕಾರಿ ಸೇವೆಯಲ್ಲಿದ್ದವರಿಗೆ ಇದರಲ್ಲಿ ಹಳೆಯದೊಂದು ಪಾಠದ ನೆನಪಾಗುತ್ತದೆ. ಖಾದಿ ಭಂಡಾರಗಳಲ್ಲಿ ಗಾಂಧಿ ಜಯಂತಿಯ ರಿಯಾಯಿತಿಗೆ ಜನ ಮುಗಿಬೀಳುತ್ತಿದ್ದುದನ್ನು ನಾವೆಲ್ಲ ಕಂಡಿದ್ದೇವೆ. ನಾನೂ ಆ ಸಾಲಿನಲ್ಲಿ ನಿಂತವನೇ. ಆಗಸ್ಟ್‌ನಲ್ಲಿ ಹರಿದ ಜುಬ್ಬಾವನ್ನು ಅಕ್ಟೋಬರ್‌ವರೆಗೆ ಹೊಲಿದು ಹಾಕಿಕೊಂಡಿದ್ದೇನೆ. ರಿಯಾಯಿತಿ ನನ್ನಿಂದ ಹೆಚ್ಚು ಖಾದಿ ಕೊಳ್ಳಿಸಲಿಲ್ಲ, ಕೊಳ್ಳುವ ತಿಂಗಳನ್ನು ಬದಲಿಸಿತು. 2010ರಲ್ಲಿ ಕೇಂದ್ರ ಸರ್ಕಾರ ಮಾರಾಟದ ಮೇಲಿನ ರಿಯಾಯಿತಿಯ ಬದಲು ಉತ್ಪಾದನೆಯನ್ನು ಆಧರಿಸಿದ ಮಾರುಕಟ್ಟೆ ಅಭಿವೃದ್ಧಿ ನೆರವನ್ನು ಜಾರಿಗೆ ತಂದು, ಅದರಲ್ಲಿ ನೂಲುವವರಿಗೂ ನೇಯುವವರಿಗೂ ಪಾಲು ಇರಿಸಿತು. ಆನ್‌ಲೈನ್ ಮಳಿಗೆಯ ಗ್ರಾಹಕರೂ ನನ್ನಂತೆಯೇ ಕಾಯಲು ಕಲಿಯುತ್ತಾರೆ. ಎರಡು ಹಬ್ಬಗಳಲ್ಲಿ ಕೂಪನ್ ಕಂಡವರು ಮೂರನೆಯದಕ್ಕೆ ಮೊದಲು ಕೊಳ್ಳುವುದಿಲ್ಲ. ಹಬ್ಬದ ಹಿಂದಿನ ತಿಂಗಳ ಪೂರ್ಣ ಬೆಲೆಯ ಮಾರಾಟ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಅದೇ ಆ ಕಾಯುವಿಕೆಯ ಲಕ್ಷಣ.

ಅಪ್ಪೆಮಿಡಿಯ ವಿಷಯದಲ್ಲಿ ಇನ್ನೊಂದು ಮಾತಿದೆ. ಮಿಡಿ ಸಿಗುವುದು ವರ್ಷಕ್ಕೊಮ್ಮೆ, ಬೇಸಿಗೆಯ ಮೊದಲ ಕೆಲವು ವಾರಗಳಲ್ಲಿ. ಆಗ ಹಾಕಿಟ್ಟದ್ದೇ ವರ್ಷದ ದಾಸ್ತಾನು. ನನ್ನ ಸೋದರಳಿಯನ ಬಾಟಲಿಗಳು ಡಿಸೆಂಬರಿನ ಹೊತ್ತಿಗೆ ಪ್ರತಿ ವರ್ಷವೂ ಮುಗಿದುಹೋಗಿದ್ದವು. ಹಾಗೆ ಮುಗಿಯುವ ಸರಕಿಗೆ ಜೂನ್‌ನಲ್ಲಿ ಕೂಪನ್ ಕೊಟ್ಟರೆ ಒಂದು ಬಾಟಲಿಯೂ ಹೆಚ್ಚು ಮಾರಾಟವಾಗುವುದಿಲ್ಲ. ನವೆಂಬರಿನಲ್ಲಿ ಪೂರ್ಣ ಬೆಲೆ ಕೊಡುತ್ತಿದ್ದವರಿಗೆ ಮಾತ್ರ ಇಲ್ಲವೆನ್ನಬೇಕಾಗುತ್ತದೆ. ಹಪ್ಪಳದ ಕಥೆ ಹಾಗಲ್ಲ. ಮಳೆಗಾಲ ಕಳೆದ ಮೇಲೆ ಉಳಿದದ್ದು ಮುಂದಿನ ಹಲಸಿನ ಕಾಲಕ್ಕೆ ಹಳೆಯದಾಗುತ್ತದೆ. ಅಲ್ಲಿ ರಿಯಾಯಿತಿಗೆ ಅರ್ಥವಿದೆ.

ಹೊರಡುವ ಹೊತ್ತಿಗೆ ಅವನು ಮೂರು ತೀರ್ಮಾನಗಳನ್ನು ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಿದ್ದ: ಒಂದು ಬಿಲ್ಲಿಗೆ ಒಂದೇ ಕೂಪನ್; ಅಪ್ಪೆಮಿಡಿಗೆ ಕೂಪನ್ ಇಲ್ಲ; ಮುಂದೆ ಯಾವ ಕೂಪನ್ ಹೊರಡಿಸಿದರೂ ಅರ್ಧ ಜನರಿಗೆ ಕೊಡದೆ ಆರು ತಿಂಗಳು ಕಾಯುವುದು. ಕೊನೆಯದಕ್ಕೆ ಅವನಿಗೆ ಪೂರ್ಣ ಮನಸ್ಸಿರಲಿಲ್ಲ. ‘ಕೊಡದೇ ಉಳಿದ ಅರ್ಧ ಜನರ ವ್ಯಾಪಾರ ಹೋದರೆ?’ ಎಂದ. ಹೋದರೆ ಎಷ್ಟು ಹೋಯಿತೆಂದು ಆಗಲಾದರೂ ಗೊತ್ತಾಗುತ್ತದೆ, ಈವರೆಗೆ ಅದೂ ಗೊತ್ತಿರಲಿಲ್ಲವಲ್ಲ ಎಂದೆ. ಉಪ್ಪಿನಕಾಯಿ ಹಾಕಿಕೊಡುವವರ ದರವನ್ನು ಈ ವರ್ಷ ಆತ ಇಳಿಸಲಿಲ್ಲ.