ಬ್ಯಾಚ್ ಅಂದರೆ ಪಾಸಾದವರಷ್ಟೇ ಅಲ್ಲ

ಡಿಸೆಂಬರ್ ಬಂತೆಂದರೆ ಹೋಬಳಿ ಊರುಗಳ ಹೈಸ್ಕೂಲ್ ಗೇಟಿಗೆ ‘ಗುರುವಂದನೆ ಮತ್ತು ಸ್ನೇಹ ಸಮ್ಮಿಲನ’ ಎಂಬ ಫ್ಲೆಕ್ಸ್ ಏರುತ್ತದೆ. ಕಾರ್ಯಕ್ರಮ ಚೆನ್ನಾಗಿಯೇ ನಡೆಯುತ್ತದೆ. ಮೇಷ್ಟ್ರುಗಳಿಗೆ ಶಾಲು ಹೊದಿಸುತ್ತಾರೆ, ಊಟ ಆಗುತ್ತದೆ, ಎಲ್ಲರೂ ಮೆಟ್ಟಿಲ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಫೋಟೊವನ್ನು ಗಮನಿಸಿ ನೋಡಿ: ಹೆಣ್ಣುಮಕ್ಕಳು ಬೆರಳೆಣಿಕೆಯಷ್ಟು, ಹತ್ತನೇ ಕ್ಲಾಸಿನಲ್ಲಿ ಫೇಲಾದವರು ಇನ್ನೂ ಕಡಿಮೆ, ಒಂಬತ್ತಕ್ಕೇ ಶಾಲೆ ಬಿಟ್ಟು ಕೆಲಸಕ್ಕೆ ಹೋದವರು ಇಲ್ಲವೇ ಇಲ್ಲ. ಇವರಲ್ಲಿ ಬಹಳ ಮಂದಿಗೆ ಆಹ್ವಾನವೇ ಮುಟ್ಟಿರುವುದಿಲ್ಲ.

ಕಾರಣ ಸರಳ. ನಾಲ್ಕು ಗೆಳೆಯರು ವಾಟ್ಸಾಪ್ ಗ್ರೂಪ್ ಮಾಡುತ್ತಾರೆ, ಅವರು ತಮ್ಮ ಫೋನಿನಲ್ಲಿರುವ ನಂಬರುಗಳನ್ನು ಸೇರಿಸುತ್ತಾರೆ, ಅದೇ ಬ್ಯಾಚಿನ ಪಟ್ಟಿಯಾಗಿಬಿಡುತ್ತದೆ. ಫೋನಿನಲ್ಲಿ ಇರುವವರು ಆಗಲೂ ಈಗಲೂ ಸಂಪರ್ಕದಲ್ಲಿದ್ದವರೇ. ಕಳೆದುಹೋದವರನ್ನು ಹುಡುಕಬೇಕಾದರೆ ಪಟ್ಟಿ ಬೇರೆ ಕಡೆಯಿಂದ ಶುರುವಾಗಬೇಕು.

ಆ ಪಟ್ಟಿ ಶಾಲೆಯ ಬೀರುವಿನಲ್ಲೇ ಇದೆ. ಪ್ರತಿ ಶಾಲೆಯಲ್ಲೂ ದಾಖಲಾತಿ ರಿಜಿಸ್ಟರ್ ಇರುತ್ತದೆ. ಅದು ಕಾಯಂ ದಾಖಲೆ, ವಿಲೇವಾರಿ ಮಾಡುವಂತಿಲ್ಲ. 1999ರ ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಬರೆದ ಬ್ಯಾಚ್ ಎಂದಿಟ್ಟುಕೊಳ್ಳಿ. ಆಗ ನೋಡಬೇಕಾದದ್ದು 1999ರ ಪರೀಕ್ಷೆಯ ಪಟ್ಟಿಯನ್ನಲ್ಲ, 1996ರ ಜೂನ್‌ನಲ್ಲಿ ಎಂಟನೇ ತರಗತಿಗೆ ಸೇರಿದವರ ಪುಟಗಳನ್ನು. ನಡುವೆ ಬಂದು ಸೇರಿದವರಿಗಾಗಿ ಮುಂದಿನ ಎರಡು ವರ್ಷದ ಪುಟಗಳನ್ನೂ ತಿರುವಬೇಕು. ಪ್ರತಿ ಹೆಸರಿನ ಮುಂದೆ ತಂದೆಯ ಹೆಸರು, ಊರು, ಶಾಲೆ ಬಿಟ್ಟ ದಿನಾಂಕ ಮತ್ತು ಟಿಸಿ ವಿವರ ಸಾಮಾನ್ಯವಾಗಿ ಸಿಗುತ್ತದೆ. ಪರೀಕ್ಷೆಯ ಪಟ್ಟಿಯಲ್ಲಿ ಇಲ್ಲದ ಹೆಸರುಗಳು ಇಲ್ಲಿ ಕಾಣುತ್ತವೆ.

ಮುಖ್ಯೋಪಾಧ್ಯಾಯರಿಗೆ ಇಬ್ಬರು ಮೂವರು ಸಹಿ ಮಾಡಿದ ಅರ್ಜಿ ಕೊಟ್ಟು, ಶಾಲೆಯಲ್ಲೇ ಕೂತು ಬರೆದುಕೊಳ್ಳಲು ಅನುಮತಿ ಕೇಳಿ. ಹೆಸರು, ತಂದೆಯ ಹೆಸರು, ಊರು ಇಷ್ಟೇ ಸಾಕು. ಅದೇ ಪುಟದಲ್ಲಿ ಜಾತಿ, ಹುಟ್ಟಿದ ದಿನಾಂಕವೂ ಇರುತ್ತದೆ. ಪುಟದ ಫೋಟೊ ತೆಗೆದು ಗ್ರೂಪಿಗೆ ಹಾಕುವುದು ಯಾರಿಗೂ ಒಳ್ಳೆಯದಲ್ಲ.

ಬರೆದುಕೊಂಡ ಮೇಲೆ ಪಟ್ಟಿಯನ್ನು ಅಕ್ಷರದ ಕ್ರಮದಲ್ಲಿ ಇಡಬೇಡಿ, ಊರಿನ ಪ್ರಕಾರ ವಿಂಗಡಿಸಿ. ತೊಂಬತ್ತು ಹೆಸರಿದ್ದರೆ ಹತ್ತು ಹನ್ನೆರಡು ಊರಿಗೆ ಹಂಚಿಹೋಗುತ್ತವೆ. ಪ್ರತಿ ಊರಿಗೂ ಆ ಊರಿನವರೇ ಒಬ್ಬರು ಜವಾಬ್ದಾರರಾಗಲಿ. ಹಾಲಿನ ಡೇರಿಯಲ್ಲೋ ನ್ಯಾಯಬೆಲೆ ಅಂಗಡಿಯಲ್ಲೋ ತಂದೆಯ ಹೆಸರು ಹಿಡಿದು ಕೇಳಿದರೆ ಮನೆ ಸಿಗುತ್ತದೆ. ಹುಡುಗನ ಹೆಸರನ್ನು ಊರು ಮರೆತಿರಬಹುದು, ಅವರಪ್ಪನ ಹೆಸರನ್ನು ಮರೆತಿರುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ದಾರಿ ಸ್ವಲ್ಪ ಬೇರೆ. ಮದುವೆಯಾದ ಮೇಲೆ ಊರು ಬದಲಾಗಿದೆ, ಇನಿಷಿಯಲ್ ಬದಲಾಗಿರಬಹುದು, ಫೇಸ್‌ಬುಕ್‌ನಲ್ಲಿ ಗಂಡನ ಹೆಸರು ಸೇರಿಕೊಂಡಿರಬಹುದು. ಹಾಗಾಗಿ ಹಳೆಯ ಹೆಸರಲ್ಲಿ ಹುಡುಕಿದರೆ ಸಿಗುವುದಿಲ್ಲ. ತವರುಮನೆಗೆ ಹೋಗಬೇಕು. ಅಲ್ಲಿ ತಾಯಿ, ಅಣ್ಣ, ಅತ್ತಿಗೆ ಯಾರಾದರೂ ಇದ್ದೇ ಇರುತ್ತಾರೆ. ಹೋಗುವವರಲ್ಲಿ ಸಹಪಾಠಿ ಹೆಣ್ಣುಮಗಳೊಬ್ಬಳು ಇರಲೇಬೇಕು. ನಂಬರ್ ಕೊಡಿ ಎಂದು ಕೇಳುವ ಬದಲು ತನ್ನ ನಂಬರ್ ಬರೆದುಕೊಟ್ಟು, ‘ಅವಳಿಗೆ ಅನುಕೂಲವಾದಾಗ ನನಗೊಂದು ಫೋನ್ ಮಾಡಲಿ’ ಎಂದು ಹೇಳಿ ಬರುವುದು ಮೇಲು. ಅವರಾಗಿ ಒಪ್ಪಿದ ಮೇಲೆ ಮಾತ್ರ ಗ್ರೂಪಿಗೆ ಸೇರಿಸಿ. ಹೆಣ್ಣುಮಕ್ಕಳದೇ ಪ್ರತ್ಯೇಕ ಗ್ರೂಪ್ ಇದ್ದರೆ ಬಹಳ ಮಂದಿ ಧೈರ್ಯವಾಗಿ ಬರುತ್ತಾರೆ.

ಹುಡುಕುವಾಗ ಕೆಲವರು ತೀರಿಕೊಂಡ ಸುದ್ದಿಯೂ ಸಿಗುತ್ತದೆ. ಒಬ್ಬರ ಬಾಯಿಮಾತು ಕೇಳಿ ಶ್ರದ್ಧಾಂಜಲಿ ಪಟ್ಟಿಗೆ ಹೆಸರು ಸೇರಿಸಬಾರದು. ಒಂದೇ ಹೆಸರಿನ ಇಬ್ಬರು ಮೂವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಮನೆಯವರಿಂದಲೇ ಖಚಿತಪಡಿಸಿಕೊಂಡು, ತಂದೆಯ ಹೆಸರು ತಾಳೆ ನೋಡಿ ಬರೆಯಿರಿ.

ಇನ್ನು ದಿನಾಂಕ. ಡಿಸೆಂಬರ್ ಕೊನೆಗೆ ಇಷ್ಟೊಂದು ಸಮ್ಮಿಲನಗಳು ನಡೆಯಲು ಧನುರ್ಮಾಸವೂ ಒಂದು ಕಾರಣ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ನಮ್ಮ ಕಡೆ ಮದುವೆಗಳಿರುವುದಿಲ್ಲ. ಅಡುಗೆಯವರು, ಶಾಮಿಯಾನದವರು ಸಿಗುತ್ತಾರೆ, ಬರುವವರಿಗೂ ನೆಂಟರ ಮದುವೆಯ ಅಡ್ಡಿ ಇರುವುದಿಲ್ಲ. ಕ್ರಿಸ್‌ಮಸ್ ಸುತ್ತಮುತ್ತ ಬೆಂಗಳೂರಿನವರಿಗೆ ರಜೆಯೂ ಹೊಂದುತ್ತದೆ. ಆಷಾಢದಲ್ಲೂ ಮದುವೆ ಇರುವುದಿಲ್ಲ, ಆದರೆ ಮಳೆ ಮತ್ತು ಬಿತ್ತನೆಯ ಕಾಲ. ಮಲೆನಾಡಿನಲ್ಲಾದರೆ ಡಿಸೆಂಬರ್ ಎಂದರೆ ಅಡಿಕೆ ಮತ್ತು ಕಾಫಿ ಕೊಯ್ಲು. ಅಲ್ಲಿ ಊರಲ್ಲೇ ಉಳಿದು ಕೃಷಿ ಮಾಡುವವರನ್ನು ಮೊದಲು ಕೇಳಿ, ಆಮೇಲೆ ನಗರದವರನ್ನು ಕೇಳಬೇಕು. ದಿನ ಗೊತ್ತುಮಾಡಿ ಕನಿಷ್ಠ ಮೂರು ತಿಂಗಳು ಸಮಯ ಇಟ್ಟುಕೊಂಡರೆ ಹುಡುಕಾಟಕ್ಕೆ ಅವಕಾಶ ಸಿಗುತ್ತದೆ.

ಮನಸ್ತಾಪ ಹುಟ್ಟುವುದು ಹೆಚ್ಚಾಗಿ ವಂತಿಗೆಯಲ್ಲಿ. ಒಂದು ಲೆಕ್ಕ ಹಾಕಿ ನೋಡೋಣ. ತೊಂಬತ್ತು ಮಂದಿಯಲ್ಲಿ ಐವತ್ತು ಮಂದಿ ಬರಬಹುದು ಎಂದುಕೊಳ್ಳೋಣ. ಮೇಷ್ಟ್ರುಗಳು, ಶಾಲೆಯ ಸಿಬ್ಬಂದಿ, ಮನೆಯವರು ಸೇರಿ 100 ಊಟ. ತಲೆಗೆ 200 ರೂಪಾಯಿಯಂತೆ 20,000. ಶಾಮಿಯಾನ, ಕುರ್ಚಿ, ಮೈಕ್‌ಗೆ 10,000. ಹನ್ನೆರಡು ಮಂದಿ ಗುರುಗಳಿಗೆ ಶಾಲು, ಹಾರ, ಫಲತಾಂಬೂಲ 800ರಂತೆ 9,600. ಮುದ್ರಣ, ಫೋಟೊ, ಮರುದಿನದ ಸ್ವಚ್ಛತೆಗೆ 5,400. ಒಟ್ಟು 45,000. ಐವತ್ತು ಮಂದಿಗೆ ಹಂಚಿದರೆ ತಲೆಗೆ 900 ಬರುತ್ತದೆ. ‘ಎಲ್ಲರೂ 900 ಕೊಡಲೇಬೇಕು’ ಎಂದು ಬರೆದ ಕೂಡಲೇ ಕೂಲಿಗೆ ಹೋಗುವ ಸಹಪಾಠಿ ಬರುವ ಯೋಚನೆ ಬಿಡುತ್ತಾರೆ, ಕಾರಣವನ್ನೂ ಹೇಳುವುದಿಲ್ಲ. ಆದ್ದರಿಂದ ಅಂದಾಜು ಖರ್ಚನ್ನು ಎಲ್ಲರಿಗೂ ತಿಳಿಸಿ, ಮೊತ್ತವನ್ನು ಅವರವರ ಶಕ್ತಿಗೆ ಬಿಡಿ. ಯಾರು ಎಷ್ಟು ಕೊಟ್ಟರು ಎಂಬುದು ಲೆಕ್ಕ ಇಡುವ ಇಬ್ಬರಿಗೆ ಮಾತ್ರ ಗೊತ್ತಿರಲಿ. ಒಟ್ಟು ಜಮೆ, ಒಟ್ಟು ಖರ್ಚು ಮಾತ್ರ ಎಲ್ಲರ ಮುಂದೆ ಬರಲಿ.

ಶಾಲೆಗೆ ಕೊಡುಗೆ ಕೊಡುವುದಿದ್ದರೆ ಆ ಹಣವನ್ನು ಊಟದ ಹಣದ ಜೊತೆ ಬೆರೆಸಬೇಡಿ. ಇಬ್ಬರೂ ಸಹಿ ಹಾಕಲೇಬೇಕಾದ ಜಂಟಿ ಖಾತೆಗೆ ಸಾಮಾನ್ಯವಾಗಿ ಯುಪಿಐ ಸಿಗುವುದಿಲ್ಲ. ಹಾಗಾಗಿ ಒಬ್ಬರ ಹೆಸರಿನಲ್ಲಿ ಇದಕ್ಕೇ ಮೀಸಲಾದ ಖಾತೆ ಇರಲಿ, ಇನ್ನೊಬ್ಬರು ಪ್ರತಿ ವಾರ ಪಾಸ್‌ಬುಕ್ ನೋಡಿ ಲೆಕ್ಕ ಬರೆಯಲಿ.

ಇವೆಲ್ಲ ಕೂಡಿಬಂದ ಮೇಲೆ ಆಹ್ವಾನ ಬರೆಯಬೇಕು. ಮಾದರಿ ಹೀಗಿರಬಹುದು:

‘ಪ್ರಿಯ ಸಹಪಾಠಿಗಳೇ, 1996ರಲ್ಲಿ ಎಂಟನೇ ತರಗತಿಗೆ ಸೇರಿದ ನಾವೆಲ್ಲರೂ 2026ರ ಡಿಸೆಂಬರ್ 27, ಭಾನುವಾರ ಬೆಳಗ್ಗೆ 9.30ಕ್ಕೆ ನಮ್ಮ ಶಾಲೆಯಲ್ಲಿ ಸೇರೋಣ. ಪಾಸಾದವರು, ಫೇಲಾದವರು, ನಡುವೆ ಶಾಲೆ ಬಿಟ್ಟವರು ಎಲ್ಲರೂ ಬನ್ನಿ. ಅಂದಾಜು ಖರ್ಚು 45,000 ರೂಪಾಯಿ. ಡಿಸೆಂಬರ್ 10ರೊಳಗೆ ನಿಮ್ಮ ಕೈಲಾದಷ್ಟು ಕಳಿಸಿ. ಕೊಡಲು ಆಗದಿದ್ದರೂ ತಪ್ಪದೆ ಬನ್ನಿ. ಹಣ ಕಳಿಸುವ ಮುನ್ನ ಪರದೆಯ ಮೇಲೆ ಖಾತೆದಾರರ ಹೆಸರು ಸರಿಯಾಗಿದೆಯೇ ನೋಡಿಕೊಳ್ಳಿ. ಈ ಕೆಳಗಿನ ಸಹಪಾಠಿಗಳು ಇನ್ನೂ ಸಿಕ್ಕಿಲ್ಲ. ಇವರ ಮನೆಯವರು ಗೊತ್ತಿದ್ದರೆ ನಿಮ್ಮ ಊರಿನ ಜವಾಬ್ದಾರರಿಗೆ ತಿಳಿಸಿ.’

ಕೊನೆಯಲ್ಲಿ ಸಿಗದವರ ಹೆಸರು ಮತ್ತು ಊರು ಬರಲಿ. ‘ಸಿಗದವರನ್ನು ಹುಡುಕಿಕೊಡಿ’ ಎಂದಷ್ಟೇ ಬರೆದರೆ ಯಾರಿಗೂ ಯಾರೂ ನೆನಪಾಗುವುದಿಲ್ಲ. ಹೆಸರು ಕಂಡಾಗ ಮಾತ್ರ ‘ಇವಳ ತಮ್ಮ ನಮ್ಮ ಬೀದಿಯಲ್ಲೇ ಅಂಗಡಿ ಇಟ್ಟಿದ್ದಾನಲ್ಲ’ ಎಂಬ ಫೋನ್ ಬರುತ್ತದೆ. ವಾಟ್ಸಾಪ್ ಇಲ್ಲದವರಿಗಾಗಿ ಇಪ್ಪತ್ತು ಮೂವತ್ತು ಪ್ರತಿಗಳನ್ನು ಮುದ್ರಿಸಿ ಕೈಯಲ್ಲೇ ಕೊಟ್ಟು ಬನ್ನಿ. ಫೇಲಾದೆನೆಂಬ ಸಂಕೋಚದಲ್ಲಿ ಇಷ್ಟು ವರ್ಷ ದೂರ ಉಳಿದವರನ್ನು ಕರೆತರಲು ಮನೆ ಬಾಗಿಲಿಗೆ ಹೋಗಿ ಕರೆಯುವುದೇ ಸರಿಯಾದ ದಾರಿ.