ಕ್ಷ-ಕಿರಣ: ಪ್ರಯೋಗಶಾಲೆಯಿಂದ ಆಸ್ಪತ್ರೆಗೆ

1895ರ ನವೆಂಬರ್ 8ರ ಸಂಜೆ ಜರ್ಮನಿಯ ವುರ್ಟ್ಸ್‌ಬುರ್ಗ್ ನಗರದಲ್ಲಿ ಭೌತವಿಜ್ಞಾನಿ ರಂಟ್ಜೆನ್ನರು ಗಾಳಿ ತೆಗೆದ ಗಾಜಿನ ನಳಿಗೆಯೊಂದನ್ನು ಕಪ್ಪು ರಟ್ಟಿನಿಂದ ಮುಚ್ಚಿ ಅದರಲ್ಲಿ ವಿದ್ಯುತ್ತನ್ನು ಹರಿಯಿಸಿದರು. ಬೆಳಕು ಹೊರಬರುವಂತಿರಲಿಲ್ಲ, ಆದರೂ ಬೇರಿಯಂ ಲವಣವನ್ನು ಬಳಿದ ಸಮೀಪದ ತೆರೆಯೊಂದು ಮಿನುಗಿತು. ಆಕಸ್ಮಿಕವೆಂಬುದು ಇಷ್ಟೇ. ಉಳಿದುದು ಏಳು ವಾರಗಳ ಪರಿಶ್ರಮ. ಈ ಅಜ್ಞಾತ ಕಿರಣವು ಮಾಂಸವನ್ನು ಸುಲಭವಾಗಿ ಹಾಯುವುದೆಂದೂ ಮೂಳೆಯೂ ಲೋಹವೂ ಅದನ್ನು ಬಹುಮಟ್ಟಿಗೆ ತಡೆಯುವುವೆಂದೂ ಅವರು ಕಂಡುಕೊಂಡರು. ಡಿಸೆಂಬರ್ 22ರಂದು ತೆಗೆದ ಪತ್ನಿಯ ಕೈಯ ಚಿತ್ರದಲ್ಲಿ ಮೂಳೆಗಳೂ ಉಂಗುರವೂ ಸ್ಪಷ್ಟವಾಗಿ ಮೂಡಿದುವು.

ವೈದ್ಯರು ಹೊಸ ಯಂತ್ರಕ್ಕಾಗಿ ಕಾಯಬೇಕಾಗಲಿಲ್ಲ. ಅಂಥ ನಳಿಗೆಗಳೂ ಛಾಯಾಚಿತ್ರದ ಫಲಕಗಳೂ ಯೂರೋಪಿನ ಪ್ರಯೋಗಶಾಲೆಗಳಲ್ಲಿ ಮೊದಲೇ ಇದ್ದುವು. ರಂಟ್ಜೆನ್ನರು ತಮ್ಮ ಶೋಧಕ್ಕೆ ಹಕ್ಕುಪತ್ರವನ್ನೂ ಪಡೆಯಲಿಲ್ಲ. ಆದುದರಿಂದಲೇ 1896ರ ಫೆಬ್ರವರಿ 14ರ ವೇಳೆಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ವೈದ್ಯ ಹಾಲ್-ಎಡ್ವರ್ಡ್ಸರು ತೆಗೆದ ಚಿತ್ರವು ಶಸ್ತ್ರಚಿಕಿತ್ಸೆಯೊಂದಕ್ಕೆ ದಾರಿ ತೋರಿತು.

ಈ ಆತುರಕ್ಕೆ ಬೆಲೆಯೂ ಇದ್ದಿತು. ನಳಿಗೆಯ ಬಲವನ್ನು ತಿಳಿಯಲು ಅಂದಿನ ಹಲವರು ತಮ್ಮ ಕೈಯನ್ನೇ ಅಡ್ಡಹಿಡಿದು ಮೂಳೆಯ ನೆರಳನ್ನು ಪರೀಕ್ಷಿಸುತ್ತಿದ್ದರು. ಕಿರಣವು ತಗುಲಿದಾಗ ನೋವಾಗದು. ಹುಣ್ಣು ತೋರುವುದು ದಿನಗಳು ಕಳೆದ ಮೇಲೆ. ಹೀಗೆ ವರ್ಷಾನುಗಟ್ಟಲೆ ಕಿರಣಕ್ಕೆ ಈಡಾದ ಹಾಲ್-ಎಡ್ವರ್ಡ್ಸರ ಎಡತೋಳನ್ನು 1908ರಲ್ಲಿ ಕತ್ತರಿಸಬೇಕಾಯಿತು.