ತಪ್ಪು ತಿದ್ದಿದಾಗ ದನಿ ಏರಬೇಕೇ? ಒಂದು ನೆನಪಿನ ಮೇಲ್‌ನ ಕಥೆ

ಬೆಳಗಾವಿಯ ಕಚೇರಿಯೊಂದರಲ್ಲಿ ಜುಲೈ ತಿಂಗಳ ಒಂದು ಗುರುವಾರ ಎಂದುಕೊಳ್ಳಿ. ತಾರೀಖು 11. ಖಾನಾಪುರದ ಕಚೇರಿಯಲ್ಲಿರುವ ಸಹೋದ್ಯೋಗಿಯಿಂದ ಜೂನ್ ತಿಂಗಳ ಹಾಜರಿ ಪಟ್ಟಿ ಬರಬೇಕಿತ್ತು, ಬಂದಿಲ್ಲ. ಕೇಳಿ ಕಳಿಸಿದ ಮೇಲ್‌ಗೂ ಉತ್ತರವಿಲ್ಲ. ಇಲ್ಲಿಯ ಗುಮಾಸ್ತರು ಮತ್ತೊಂದು ಮೇಲ್ ಬರೆದು, “ಇದನ್ನೊಂದಿಷ್ಟು ತಪ್ಪು ನೋಡಿ ಕೊಡ್ರಿ” ಎಂದು ಪಕ್ಕದ ಮೇಜಿಗೆ ತಂದಿದ್ದಾರೆ. ಕರಡು ಹೀಗಿದೆ:

“ಸರ್, ನೀವು ಜೂನ ತಿಂಗಳ ಹಾಜರಿ ಪಟ್ಟಿ ಇನ್ನು ಕಲಿಸಿಲ್ಲ. 8ನೇ ತಾರಿಖಿಗೆ ಮೇಲ್ ಮಾಡಿದ್ದೆ ಉತ್ತರ ಬಂದಿಲ್ಲ. ಬಿಲ್ಲು ಹಾಕಬೇಕು, ನಾಳೆ ಸಂಜಿ ಒಳಗ ಕಳಸ್ರಿ.”

ಪಕ್ಕದ ಮೇಜಿನಿಂದ ತಿದ್ದಿ ಬಂದದ್ದು ಇದು:

“ಮಾನ್ಯರೇ, ತಾವು ಜೂನ್ ತಿಂಗಳ ಹಾಜರಿ ಪಟ್ಟಿಯನ್ನು ಇನ್ನೂ ಕಳುಹಿಸಿರುವುದಿಲ್ಲ. 8ನೇ ತಾರೀಖಿನಂದೇ ಮೇಲ್ ಮಾಡಲಾಗಿದ್ದರೂ ಉತ್ತರ ಬಂದಿರುವುದಿಲ್ಲ. ಬಿಲ್ ಸಲ್ಲಿಸಬೇಕಾಗಿರುವುದರಿಂದ ನಾಳೆ ಸಂಜೆಯೊಳಗೆ ತಪ್ಪದೇ ಕಳುಹಿಸತಕ್ಕದ್ದು.”

ಕಾಗುಣಿತದ ತಪ್ಪು ಒಂದೂ ಉಳಿದಿಲ್ಲ. ಆದರೆ ಮೊದಲಿನದು ಒಬ್ಬ ಗೆಳೆಯ ಕೇಳಿದಂತಿತ್ತು, ಇದು ಮೇಲಧಿಕಾರಿ ಕಾರಣ ಕೇಳಿದಂತಿದೆ. ನಡುವೆ ಏನಾಯಿತು? ತಿದ್ದುವವರ ತಲೆಯಲ್ಲಿ ಕೂತ ನಾಲ್ಕು ತಪ್ಪು ಕಲ್ಪನೆಗಳು ತಮ್ಮ ಕೆಲಸ ಮಾಡಿವೆ.

ತಪ್ಪು ಕಲ್ಪನೆ 1: ಅಕ್ಷರ ತಿದ್ದಿದರೆ ಅಕ್ಷರ ಮಾತ್ರ ಬದಲಾಗುತ್ತದೆ

ವಾಸ್ತವ: ಕೆಲವು ಕಡೆ ಹಾಗೆಯೇ. ‘ಕಲಿಸಿಲ್ಲ’ ಎಂದರೆ ಪಾಠ ಹೇಳಿಕೊಟ್ಟಿಲ್ಲ ಎಂದಾಗುತ್ತದೆ, ಅಲ್ಲಿ ‘ಕಳಿಸಿಲ್ಲ’ ಆಗಲೇಬೇಕು. ‘ಬಿಲ್ಲು ಹಾಕಬೇಕು’ ಎಂದರೆ ಬಾಣವನ್ನೂ ಹುಡುಕಬೇಕಾಗುತ್ತದೆ, ಅದು ‘ಬಿಲ್’. ‘ಜೂನ್’, ‘ತಾರೀಖು’ ತಿದ್ದಿದ್ದರಿಂದಲೂ ಯಾರ ಮನಸ್ಸಿಗೂ ನೋವಿಲ್ಲ.

‘ಇನ್ನು’ ಮಾತ್ರ ಬೇರೆ ಜಾತಿಯದು. ‘ಇನ್ನು’ ಎಂದರೆ ಇನ್ನು ಮುಂದೆ, ‘ಇನ್ನೂ’ ಎಂದರೆ ಈವರೆಗೂ. ಇಲ್ಲಿ ಬೇಕಾದದ್ದು ದೀರ್ಘವೇ, ಆದ್ದರಿಂದ ತಿದ್ದಿದ್ದು ಸರಿ. ಆದರೆ ಆ ದೀರ್ಘದಲ್ಲಿ ಕಾದು ಬೇಸತ್ತವರ ದನಿಯೂ ಇದೆ. ‘ನೀವು ಇನ್ನೂ ಕಳಿಸಿಲ್ಲ’ ಎಂದಾಗ ಅದು ಬೆರಳು ತೋರಿಸುತ್ತದೆ, ‘ಪಟ್ಟಿ ಇನ್ನೂ ತಲುಪಿಲ್ಲ’ ಎಂದಾಗ ಸುದ್ದಿ ಹೇಳುತ್ತದೆ. ಇನ್ನು ‘ತಾರೀಖಿನಂದೇ’ ಎಂಬಲ್ಲಿಯ ಏಕಾರ ಕರಡಿನಲ್ಲಿ ಇರಲೇ ಇಲ್ಲ. ತಿದ್ದಿದವರು ವಾಕ್ಯ ಜೋಡಿಸುವಾಗ ಅದು ಕೈಯಿಂದ ಜಾರಿ ಬಂದಿದೆ. ‘ಆಗಲೇ ಹೇಳಿದ್ದೆನಲ್ಲ’ ಎಂಬ ಕೊಂಕು ಅಡಗಿರುವುದು ಆ ಒಂದು ಏಕಾರದಲ್ಲಿ. ‘ಮಾಡಲಾಗಿದ್ದರೂ’ ಎಂಬಲ್ಲಿಯ ‘ಊ’ ಕೂಡ ಹಾಗೆಯೇ ಬಂದ ಅತಿಥಿ. ಮೂಲದಲ್ಲಿ ಬೇಕಾಗಿದ್ದದ್ದು ‘ಮಾಡಿದ್ದೆ’ ಆದ ಮೇಲೆ ಒಂದು ಅಲ್ಪವಿರಾಮ, ಅಷ್ಟೇ.

ತಪ್ಪು ಕಲ್ಪನೆ 2: ‘ಕಳಸ್ರಿ’ ಆಡುಮಾತು, ‘ಕಳುಹಿಸತಕ್ಕದ್ದು’ ಶಿಷ್ಟ ಕನ್ನಡ

ವಾಸ್ತವ: ನಮ್ಮ ಕಡೆಯ ಮಾತಿನಲ್ಲಿ ಮರ್ಯಾದೆ ಕೂತಿರುವುದೇ ಆ ‘ರಿ’ಯಲ್ಲಿ. ಬರ್ರಿ, ಕೂಡ್ರಿ, ನೋಡ್ರಿ ಎನ್ನುವವರು ‘ರಿ’ ಬಿಟ್ಟರೆ ಎದುರಿನವರಿಗೆ ಕೂಡಲೇ ಗೊತ್ತಾಗುತ್ತದೆ. ಅದನ್ನು ತಪ್ಪು ಎಂದು ತೆಗೆದಾಗ ಅದರ ಜಾಗದಲ್ಲಿ ಬೇರೆ ಮರ್ಯಾದೆ ಇಡಬೇಕಲ್ಲವೆ? ‘ತಕ್ಕದ್ದು’ ಮರ್ಯಾದೆಯ ಪ್ರತ್ಯಯವಲ್ಲ, ನಿಯಮಾವಳಿಯಲ್ಲಿ ಬರುವ ಕಟ್ಟಪ್ಪಣೆ. ‘ಇರುವುದಿಲ್ಲ’ ಎಂಬುದೂ ಕಡತಕ್ಕೆ ಟಿಪ್ಪಣಿ ಬರೆಯುವ ಭಾಷೆ. ಸರ್ಕಾರಿ ಕಚೇರಿಗಳಲ್ಲಿ ‘ನೆನಪೋಲೆ-1’, ‘ನೆನಪೋಲೆ-2’ ಎಂದು ಸಂಖ್ಯೆ ಹಾಕಿ ಕಳಿಸುವ ರೂಢಿಯಿದೆ. ಅಲ್ಲಿ ಆ ಭಾಷೆಗೆ ಕೆಲಸವಿದೆ, ಮುಂದೆ ಯಾರಾದರೂ ಕಡತ ತೆರೆದರೆ ಕೇಳಿದ್ದಕ್ಕೆ ದಾಖಲೆ ಬೇಕು. ಸಹೋದ್ಯೋಗಿಗೆ ಅದೇ ಭಾಷೆ ಬಳಸಿದರೆ, ದಾಖಲೆ ಮಾಡಿಟ್ಟುಕೊಳ್ಳುತ್ತಿದ್ದಾರೆ ಎಂದೇ ಆತ ಓದಿಕೊಳ್ಳುತ್ತಾನೆ.

ಹಾಗಾದರೆ ‘ಕಳಸ್ರಿ’ಯನ್ನು ಏನು ಮಾಡಬೇಕು? ದಿನಾ ಫೋನಿನಲ್ಲಿ ಮಾತಾಡುವವರಾದರೆ ‘ಕಳಿಸ್ರಿ’ ಎಂದು ಇಕಾರ ಸರಿಪಡಿಸಿ ಬಿಡಬಹುದು. ಬರವಣಿಗೆಯ ರೂಪವೇ ಬೇಕೆಂದರೆ ‘ಕಳಿಸಿಕೊಡಿ’ ಸಾಕು. ‘ಕಳಿಸಿ’ಗಿಂತ ಅದು ಒಂದು ಹೆಜ್ಜೆ ಮೆತ್ತಗೆ, ‘ಕೊಡಿ’ ಎಂಬುದರಲ್ಲಿ ಕೇಳಿಕೊಳ್ಳುವ ಭಾವ ತಾನಾಗಿ ಇದೆ. ಅದೇ ಹೊತ್ತಿಗೆ ‘ತಪ್ಪದೇ’ ತೆಗೆಯಿರಿ. ಅದು ಕರಡಿನಲ್ಲಿ ಇರಲಿಲ್ಲ.

ತಪ್ಪು ಕಲ್ಪನೆ 3: ‘ನೀವು’ ಇದ್ದಲ್ಲಿ ‘ತಾವು’ ಹಾಕಿದರೆ ಗೌರವ ಹೆಚ್ಚುತ್ತದೆ

ವಾಸ್ತವ: ನಿನ್ನೆಯವರೆಗೆ ‘ನೀವು’ ಎನ್ನುತ್ತಿದ್ದವರು ಇವತ್ತು ‘ತಾವು’ ಎಂದರೆ ಹೆಚ್ಚುವುದು ದೂರ. ಗಂಡಹೆಂಡಿರ ಜಗಳದಲ್ಲಿ ‘ತಾವು ದೊಡ್ಡವರು’ ಎಂಬ ಮಾತು ಯಾಕೆ ಬರುತ್ತದೋ ಇಲ್ಲಿಯೂ ಅದಕ್ಕೇ ಬಂದಂತೆ ಕೇಳಿಸುತ್ತದೆ. ‘ಸರ್’ ಹೋಗಿ ‘ಮಾನ್ಯರೇ’ ಆದದ್ದೂ ಅಷ್ಟೇ. ಒಂದೇ ಮೇಲ್‌ನಲ್ಲಿ ನೀವು, ತಾವು ಎರಡೂ ಬೆರೆತಿದ್ದರೆ ಒಂದನ್ನೇ ಉಳಿಸುವುದು ತಿದ್ದುವವರ ಕೆಲಸ ಹೌದು. ಯಾವುದನ್ನು ಉಳಿಸಬೇಕು ಎಂಬುದಕ್ಕೆ ವ್ಯಾಕರಣದಲ್ಲಿ ಉತ್ತರವಿಲ್ಲ. ಇಬ್ಬರ ನಡುವಿನ ಹಿಂದಿನ ಮೇಲ್ ತೆಗೆದು ನೋಡಿದರೆ ಅಲ್ಲಿರುತ್ತದೆ.

ಆ ಹಿಂದಿನ ಮೇಲ್‌ನಲ್ಲಿ ಖಾನಾಪುರದವರು ಬರೆದ ಕನ್ನಡದಲ್ಲಿ ತಪ್ಪು ಕಂಡರೆ ಅದನ್ನು ಮುಟ್ಟಬೇಡಿ. ಖಾನಾಪುರ ತಾಲ್ಲೂಕಿನಲ್ಲಿ ಮರಾಠಿ ಮನೆಮಾತಿನವರು ಬಹಳ. ಕಚೇರಿಗಾಗಿ ಕಲಿತ ಕನ್ನಡದಲ್ಲಿ ಅವರು ಬರೆದದ್ದನ್ನು ಉತ್ತರದ ಕೆಳಗೆ ತಿದ್ದಿ ಕಳಿಸಿದರೆ, ಹಾಜರಿ ಪಟ್ಟಿ ಮರೆತುಹೋಗಿ ಅದೊಂದೇ ನೆನಪಿನಲ್ಲಿ ಉಳಿಯುತ್ತದೆ.

ತಪ್ಪು ಕಲ್ಪನೆ 4: ತಿದ್ದುವವರು ಭಾಷೆ ನೋಡಿದರೆ ಸಾಕು, ತಾರೀಖು ಬರೆದವರ ಹೊಣೆ

ವಾಸ್ತವ: ನೆನಪಿನ ಮೇಲ್‌ನಲ್ಲಿ ಎಲ್ಲಕ್ಕಿಂತ ದುಬಾರಿ ತಪ್ಪು ತಾರೀಖಿನದು. ನಮ್ಮ ಕರಡಿನಲ್ಲಿ 8 ಎಂದಿದೆ, ಕಳಿಸಿದ ಮೇಲ್‌ಗಳ ಪೆಟ್ಟಿಗೆ ತೆರೆದರೆ ಹೋಗಿರುವುದು 9ರ ಸಂಜೆ. ಇಲ್ಲದ ಒಂದು ದಿನದ ವಿಳಂಬವನ್ನು ಎದುರಿನವರ ತಲೆಗೆ ಕಟ್ಟಿದಂತಾಯಿತು. ಭಾಷೆ ಎಷ್ಟೇ ಮೆತ್ತಗಿದ್ದರೂ ಅವರು ಮೊದಲು ಹಿಡಿಯುವುದು ಇದನ್ನೇ.

‘ನಾಳೆ’ ಎಂಬುದೂ ಅಪಾಯದ ಮಾತು. ಜುಲೈ ಎಂದರೆ ಜಾಂಬೋಟಿ, ಕಣಕುಂಬಿ ಕಡೆ ಜಡಿಮಳೆಯ ಕಾಲ. ಮಲಪ್ರಭೆ ಹುಟ್ಟುವ ಆ ಕಾಡುಸೀಮೆಗೆ ಕೆಲಸದ ಮೇಲೆ ಹೋದವರು ಮೇಲ್ ತೆರೆಯುವುದು ಮರುದಿನವಾದರೆ, ನಿಮ್ಮ ‘ನಾಳೆ’ ಅವರಿಗೆ ನಾಡಿದ್ದು. ‘ಶುಕ್ರವಾರ, 12ನೇ ತಾರೀಖು ಸಂಜೆ 5ರೊಳಗೆ’ ಎಂದರೆ ಗೊಂದಲವಿಲ್ಲ. ವಾರವೂ ತಾರೀಖೂ ತಾಳೆಯಾಗುತ್ತವೆಯೇ ಎಂದು ಕ್ಯಾಲೆಂಡರ್ ನೋಡಿಯೇ ಬರೆಯಬೇಕು.

ಇದೇ ಕಾರಣಕ್ಕೆ ‘ಕಳಿಸಿಲ್ಲ’ ಎಂಬುದನ್ನೂ ಪ್ರಶ್ನಿಸಬೇಕು. ನಮಗೆ ಗೊತ್ತಿರುವುದು ಪಟ್ಟಿ ಬಂದಿಲ್ಲ ಎಂಬುದಷ್ಟೇ. ಅವರು ಕಳಿಸಿ, ಅದು ಹೋಗದೆ ಅಲ್ಲೇ ಉಳಿದಿರಬಹುದು. ‘ತಲುಪಿಲ್ಲ’ ಎಂಬುದು ಮೆತ್ತಗಿನ ಮಾತು ಮಾತ್ರವಲ್ಲ, ನಿಜಕ್ಕೆ ಹತ್ತಿರದ ಮಾತು. ಆದರೆ ಇದು ಕಾಗುಣಿತದ ತಿದ್ದುಪಡಿಯಲ್ಲ, ಅರ್ಥ ಬದಲಾಗುತ್ತದೆ. ಆದ್ದರಿಂದ ಬರೆದವರನ್ನು ಕೇಳಿಯೇ ಬದಲಿಸಬೇಕು.

ಕೇಳಿ ತಿದ್ದಿದ ಮೇಲೆ ಮೇಲ್ ಹೀಗಾಯಿತು:

“ಸರ್, ಜೂನ್ ತಿಂಗಳ ಹಾಜರಿ ಪಟ್ಟಿ ಇನ್ನೂ ತಲುಪಿಲ್ಲ. 9ನೇ ತಾರೀಖಿಗೆ ಮೇಲ್ ಮಾಡಿದ್ದೆ, ಉತ್ತರ ಬಂದಿಲ್ಲ. ಬಿಲ್ ಹಾಕಬೇಕು, ಶುಕ್ರವಾರ, 12ನೇ ತಾರೀಖು ಸಂಜೆ 5ರೊಳಗೆ ಕಳಿಸಿಕೊಡಿ.”

‘ಉತ್ತರ ಬಂದಿಲ್ಲ’ ಎಂಬುದನ್ನು ಹಾಗೆಯೇ ಬಿಟ್ಟಿದೆ. ಅದು ಬರೆದವರ ಮಾತು, ನಿಜವೂ ಹೌದು. ದನಿ ಏರಿಸಬಾರದು ಎಂದರೆ ವಿಷಯವನ್ನೇ ಮುಚ್ಚಬೇಕು ಎಂದಲ್ಲ. ‘ದಯವಿಟ್ಟು’ವನ್ನೂ ತುರುಕಿಲ್ಲ. ಬರೆದವರು ಹಾಕದ ಬೆಣ್ಣೆಯನ್ನು ನಾವು ಹಚ್ಚಬೇಕಿಲ್ಲ.

ನೀವು ಯಾರದಾದರೂ ಇಂಥ ಮೇಲ್ ತಿದ್ದಿದರೆ, ಕೊಡುವ ಮುನ್ನ ಕರಡನ್ನೂ ತಿದ್ದಿದ್ದನ್ನೂ ಪಕ್ಕಪಕ್ಕ ಇಡಿ. ಪ್ರತಿ ಬದಲಾವಣೆಯ ಎದುರು ಅದು ಯಾವ ತಪ್ಪು ಎಂದು ಹೇಳಿ ನೋಡಿ: ಕಾಗುಣಿತ, ವಿರಾಮ, ತಾರೀಖು. ಬರೆದವರನ್ನು ಕೇಳದೆ ಮಾಡಿದ, ತಪ್ಪಿನ ಹೆಸರು ಹೇಳಲಾಗದ ಬದಲಾವಣೆ ಕಂಡರೆ, ಬರೆದವರ ಮೂಲ ಮಾತನ್ನೇ ವಾಪಸ್ ಇಟ್ಟುಬಿಡಿ.